ಐವತ್ಮೂರರ ಇಂಜಿನಿಯರ್, ಎರಡು ಪುಟದ ರೆಸ್ಯೂಮೆ

ಅಮೆರಿಕದ ಮಹಿಳೆಯೊಬ್ಬರು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದರು. ಅರ್ಜಿ ತಕ್ಷಣ ತಿರಸ್ಕೃತವಾಯಿತು. ಮರುದಿನ ಜನ್ಮದಿನಾಂಕವೊಂದನ್ನು ಬದಲಿಸಿ, ವಯಸ್ಸು ಕಡಿಮೆ ಕಾಣುವಂತೆ ಮಾಡಿ, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಮತ್ತೆ ಕಳುಹಿಸಿದರು. ಈ ಸಲ ಸಂದರ್ಶನಕ್ಕೆ ಕರೆ ಬಂತು. ವಿಷಯ ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗದ ಮುಂದೆ ಹೋಯಿತು. ಐಟ್ಯೂಟರ್‌ಗ್ರೂಪ್ ಎಂಬ ಆ ಕಂಪನಿಯ ತಂತ್ರಾಂಶ 55 ತುಂಬಿದ ಮಹಿಳೆಯರನ್ನೂ 60 ತುಂಬಿದ ಪುರುಷರನ್ನೂ ತಾನಾಗಿಯೇ ಹೊರಗಿಡುವಂತೆ ಹೊಂದಿಸಲಾಗಿತ್ತು, ಅರ್ಹತೆಯಿದ್ದ 200ಕ್ಕೂ ಹೆಚ್ಚು ಮಂದಿ ಹೀಗೆ ಬಾಗಿಲಲ್ಲೇ ವಾಪಸಾಗಿದ್ದರು ಎಂಬುದು ಆಯೋಗದ ಆರೋಪ. 2023ರಲ್ಲಿ ಕಂಪನಿ 3,65,000 ಡಾಲರ್ ಕೊಡಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು.

ಆ ಮಹಿಳೆಗೆ ದೂರು ಕೊಡಲು ಒಂದು ಜಾಗವಿತ್ತು. 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ದೂರವಿಡಬಾರದು ಎಂಬ ಕಾನೂನು ಅಮೆರಿಕದಲ್ಲಿ 1967ರಿಂದಲೇ ಇದೆ. ನಮ್ಮಲ್ಲಿ ಖಾಸಗಿ ಕಂಪನಿಗಳ ನೇಮಕಾತಿಗೆ ಅಂಥ ಪ್ರತ್ಯೇಕ ಕಾನೂನು ಇಲ್ಲ. ಸಂವಿಧಾನ ಹೇಳುವ ಅವಕಾಶದ ಸಮಾನತೆ ಸರ್ಕಾರಿ ಹುದ್ದೆಗಳಿಗೆ ಅನ್ವಯಿಸುತ್ತದೆ, ಪೀಣ್ಯದ ಕಾರ್ಖಾನೆಗಾಗಲಿ ವೈಟ್‌ಫೀಲ್ಡ್‌ನ ಕಚೇರಿಗಾಗಲಿ ಅಲ್ಲ. ‘35 ವರ್ಷದ ಒಳಗಿನವರು ಮಾತ್ರ ಅರ್ಜಿ ಹಾಕಿ’ ಎಂದು ಜಾಹೀರಾತಿನಲ್ಲೇ ಬರೆಯಲು ಇಲ್ಲಿ ಯಾರೂ ಹಿಂಜರಿಯುವುದಿಲ್ಲ. ಹೀಗಾಗಿ ಐವತ್ತು ದಾಟಿ ಕೆಲಸ ಹುಡುಕುವವರು, ತಮ್ಮನ್ನು ಎದುರಿನವರು ಹೇಗೆ ಓದುತ್ತಾರೆ ಎಂಬುದನ್ನು ತಾವೇ ನೋಡಿಕೊಳ್ಳಬೇಕಾಗುತ್ತದೆ.

ಪೂರ್ವಗ್ರಹ ನಿಜವಾಗಿಯೂ ಇದೆಯೇ, ಅಥವಾ ಕೆಲಸ ಸಿಗದವರ ಬೇಸರದ ಮಾತೇ? ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಅಮೆರಿಕದ 12 ನಗರಗಳಲ್ಲಿ 40,000ಕ್ಕೂ ಹೆಚ್ಚು ಕಾಲ್ಪನಿಕ ಅರ್ಜಿಗಳನ್ನು ನಿಜವಾದ ಖಾಲಿ ಹುದ್ದೆಗಳಿಗೆ ಕಳುಹಿಸಿದರು. ಅರ್ಜಿಗಳ ನಡುವಿನ ಮುಖ್ಯ ವ್ಯತ್ಯಾಸ ವಯಸ್ಸು. ಕಚೇರಿ ಸಹಾಯಕಿಯ ಕೆಲಸಕ್ಕೆ 30ರ ಆಸುಪಾಸಿನ ಮಹಿಳೆಯರಲ್ಲಿ ಶೇ 14.4ರಷ್ಟು ಮಂದಿಗೆ ಕರೆ ಬಂತು, 50ರ ಆಸುಪಾಸಿನವರಲ್ಲಿ ಶೇ 10.3, 65ರ ಹತ್ತಿರದವರಲ್ಲಿ ಶೇ 7.6. ಗಂಡಸರ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಇಳಿತ ಕಾಣಲಿಲ್ಲ. ಮುಖ ನೋಡುವ ಮೊದಲೇ, ಕಾಗದದ ಮೇಲೆಯೇ, ಹೆಂಗಸರಿಗೆ ವಯಸ್ಸಿನ ಪೆಟ್ಟು ಹೆಚ್ಚು ಬೀಳುತ್ತದೆ ಎಂಬುದು ಈ ಅಧ್ಯಯನದಿಂದ ಗಟ್ಟಿಯಾಗಿ ಹೊರಬಂದ ಸಂಗತಿ.

ಇದಕ್ಕಿಂತ ಉಪಯುಕ್ತವಾದದ್ದು ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ. ಅವರು ವಯಸ್ಸನ್ನು ಹೇಳದೆ ಇಬ್ಬರು ಅಭ್ಯರ್ಥಿಗಳ ಗುಣಗಳನ್ನಷ್ಟೇ ಜನರ ಮುಂದಿಟ್ಟರು. ಒಬ್ಬರಿಗೆ ಹಿರಿಯರಲ್ಲಿ ಹೆಚ್ಚೆಂದು ಜನ ಭಾವಿಸುವ ಗುಣಗಳು: ಎಚ್ಚರಿಕೆ, ಸೌಜನ್ಯ, ಇನ್ನೊಬ್ಬರ ದೃಷ್ಟಿಯನ್ನು ಅರ್ಥ ಮಾಡಿಕೊಳ್ಳುವುದು, ಜಗಳ ಬಗೆಹರಿಸುವುದು. ಇನ್ನೊಬ್ಬರಿಗೆ ಕಿರಿಯರದ್ದೆನ್ನುವ ಗುಣಗಳು: ಹೊಸದನ್ನು ಕಲಿಯುವುದು, ಹೊಸ ಕಲ್ಪನೆ, ಕಂಪ್ಯೂಟರ್ ಬಳಕೆಯಲ್ಲಿ ಚುರುಕು. ಎರಡೂ ಒಳ್ಳೆಯ ಗುಣಗಳೇ. ಆದರೆ ನೇಮಿಸಿಕೊಳ್ಳುವ ಪ್ರಶ್ನೆ ಬಂದಾಗ ಹೆಚ್ಚಿನವರ ಒಲವು ಎರಡನೆಯವರ ಕಡೆಗಿತ್ತು.

ಐವತ್ತು ದಾಟಿದವರ ರೆಸ್ಯೂಮೆಯ ಮೊದಲ ಸಾಲುಗಳನ್ನು ಈಗ ನೆನಪಿಸಿಕೊಳ್ಳಿ. ‘ಮೂರು ದಶಕಗಳ ಅಪಾರ ಅನುಭವ, ಪ್ರಬುದ್ಧ ನಾಯಕತ್ವ, ತಂಡವನ್ನು ತಾಳ್ಮೆಯಿಂದ ನಡೆಸಬಲ್ಲ ಹಿರಿಯ ವೃತ್ತಿಪರ’. ಬರೆದವರಿಗೆ ಇದು ತಮ್ಮ ಬಲ ಅನ್ನಿಸುತ್ತದೆ. ಓದುವವರು ಮಾತ್ರ ಇದರಲ್ಲಿ ವಯಸ್ಸನ್ನಷ್ಟೇ ಓದಿಕೊಳ್ಳುತ್ತಾರೆ. ಅನುಭವದಿಂದ ಇವರು ಇತ್ತೀಚೆಗೆ ಮಾಡಿದ್ದೇನು, ಈಗಲೂ ಕಲಿಯುತ್ತಿದ್ದಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುವುದಿಲ್ಲ. ಹೆಚ್ಚಿನ ರೆಸ್ಯೂಮೆಗಳು ಸೋಲುವುದು ಇಲ್ಲೇ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ, ವಾಹನಗಳ ಬ್ರೇಕ್ ಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು 53. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ 32 ವರ್ಷ, ಈ ಕಂಪನಿಯಲ್ಲೇ 14 ವರ್ಷ. ಕಾರ್ಖಾನೆಯ ಮಾಲೀಕತ್ವ ಬದಲಾಗಿ ಅವರ ಹುದ್ದೆ ಹೋಗಿದೆ. ವ್ಯಕ್ತಿಯೂ ಲೆಕ್ಕಗಳೂ ವಿವರಣೆಗಾಗಿ ಕಟ್ಟಿಕೊಂಡವು, ಆದರೆ ಇಂಥವರು ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ ಎಲ್ಲೆಲ್ಲೂ ಇದ್ದಾರೆ.

ಅವರ ಹಳೆಯ ರೆಸ್ಯೂಮೆ ಐದು ಪುಟ. ಮೊದಲ ಪುಟದಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ವೈವಾಹಿಕ ಸ್ಥಿತಿ, ಮನೆಯ ಪೂರ್ಣ ವಿಳಾಸ. ಕೊನೆಯಲ್ಲಿ ‘ಮೇಲ್ಕಂಡ ಮಾಹಿತಿ ನನಗೆ ತಿಳಿದ ಮಟ್ಟಿಗೆ ಸತ್ಯ’ ಎಂಬ ಘೋಷಣೆ, ಸ್ಥಳ, ದಿನಾಂಕ, ಸಹಿ. ನಡುವೆ 1990ರ ದಶಕದ ಮೊದಲ ಕೆಲಸದಿಂದ ಹಿಡಿದು ಎಲ್ಲ ಹುದ್ದೆಗಳ ಕರ್ತವ್ಯಗಳ ಪಟ್ಟಿ. ‘ಕ್ಯೂಎಸ್ 9000 ಮತ್ತು ಐಎಸ್‌ಒ 9001 ಅನುಷ್ಠಾನದಲ್ಲಿ ಪರಿಣತಿ’ ಎಂಬ ಸಾಲು ದಪ್ಪಕ್ಷರದಲ್ಲಿದೆ.

ಆ ದಪ್ಪಕ್ಷರದ ಸಾಲೇ ಮೊದಲ ತೊಂದರೆ. ಕ್ಯೂಎಸ್ 9000 ಎಂಬುದು ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳು ತಮಗೆ ಭಾಗ ಪೂರೈಸುವವರಿಗಾಗಿ 1994ರಲ್ಲಿ ತಂದ ಗುಣಮಟ್ಟದ ಮಾನದಂಡ. 2006ರ ಕೊನೆಗೆ ಅದು ರದ್ದಾಯಿತು. ಇಂದು ವಾಹನ ಉದ್ಯಮದಲ್ಲಿ ನಡೆಯುವುದು 2016ರಲ್ಲಿ ಬಂದ ಐಎಟಿಎಫ್ 16949. ರದ್ದಾದ ಮಾನದಂಡವನ್ನು ಮೊದಲು ಹೇಳಿದವರ ಬಗ್ಗೆ, ಇವರ ತಿಳಿವಳಿಕೆ ಅಲ್ಲಿಗೇ ನಿಂತಿದೆಯೇನೋ ಎಂಬ ಅನುಮಾನ ಓದುವವರಲ್ಲಿ ಹುಟ್ಟುತ್ತದೆ. ಈ ಮನುಷ್ಯ ಮೂರು ಬಾರಿ ಐಎಟಿಎಫ್ ಆಡಿಟ್ ಎದುರಿಸಿ ಪಾಸಾಗಿದ್ದಾರೆ, ಆದರೆ ಅದು ನಾಲ್ಕನೇ ಪುಟದಲ್ಲಿದೆ. ಪ್ರತಿಯೊಂದು ಕ್ಷೇತ್ರದಲ್ಲೂ ಇಂಥ ಕಾಲಸೂಚಕ ಪದಗಳಿರುತ್ತವೆ. ಲೆಕ್ಕಪತ್ರದವರು ಜಿಎಸ್‌ಟಿಗಿಂತ ಮೊದಲು ವ್ಯಾಟ್ ಬರೆದರೆ, ಸಾಫ್ಟ್‌ವೇರ್‌ನವರು ವಿಷುವಲ್ ಬೇಸಿಕ್ 6 ಅನ್ನು ಮೇಲಿಟ್ಟರೆ ಆಗುವುದೂ ಇದೇ. ಜನ್ಮದಿನಾಂಕ ಅಳಿಸುವುದಕ್ಕಿಂತ ಈ ಪದಗಳನ್ನು ಹುಡುಕಿ ತೆಗೆಯುವುದು ಹೆಚ್ಚು ಮುಖ್ಯ.

ಎರಡನೆಯ ತೊಂದರೆ ಕರ್ತವ್ಯಗಳ ಪಟ್ಟಿ. ‘ಗ್ರಾಹಕರ ದೂರು ನಿರ್ವಹಣೆ, ಒಳಬರುವ ಸಾಮಗ್ರಿ ತಪಾಸಣೆ, ತಂಡದ ಮೇಲ್ವಿಚಾರಣೆ’ ಎಂಬ ಸಾಲುಗಳನ್ನು ಎಂಟು ವರ್ಷ ಅನುಭವದವನೂ ಬರೆಯಬಲ್ಲ. 32 ವರ್ಷದವರು ಅದನ್ನೇ ಬರೆದರೆ, ಎಂಟು ವರ್ಷದವನ ಕೆಲಸಕ್ಕೆ ದುಪ್ಪಟ್ಟು ಸಂಬಳ ಕೇಳುವವರಂತೆ ಕಾಣುತ್ತಾರೆ. ಅನುಭವ ಬಲವಾಗಿ ಕಾಣಬೇಕಾದರೆ ಎಂಟು ವರ್ಷದವನಿಗೆ ದಕ್ಕದ ಒಂದು ಕೆಲಸ ಅಲ್ಲಿ ಕಾಣಬೇಕು.

ಅಂಥದ್ದು ಅವರಲ್ಲಿ ಇದೆಯೇ ಎಂದು ಕೇಳಿದರೆ ಮೊದಲು ಬರುವ ಉತ್ತರ ‘ಅಂಥ ವಿಶೇಷ ಏನಿಲ್ಲ ಸರ್, ದಿನಾ ಮಾಡೋ ಕೆಲಸಾನೇ’ ಎಂಬುದು. ಬಿಡದೆ ಕೇಳಬೇಕು. ಕೊನೆಯ ಐದು ವರ್ಷಗಳಲ್ಲಿ ಮ್ಯಾನೇಜ್‌ಮೆಂಟ್ ನಿದ್ದೆಗೆಟ್ಟ ದಿನ ಯಾವುದು? ಆಗ ಯಾರನ್ನು ಕರೆದರು? ಹೀಗೆ ಕೇಳಿದಾಗ ವಿಷಯ ಹೊರಬರುತ್ತದೆ. ಹೊಸೂರಿನ ಗ್ರಾಹಕರೊಬ್ಬರಿಂದ ಬ್ರೇಕ್ ವಾಲ್ವ್‌ಗಳು ಸೋರುತ್ತಿವೆ ಎಂದು ಸರಕು ವಾಪಸ್ ಬರತೊಡಗಿತ್ತು. ದಶಲಕ್ಷ ಭಾಗಗಳಿಗೆ 1,150 ದೋಷ, ಅಂದರೆ ಕಾರ್ಖಾನೆಯ ಭಾಷೆಯಲ್ಲಿ 1,150 ಪಿಪಿಎಂ. ಮೊದಲ ದಿನವೇ ಗ್ರಾಹಕರ ಗೋದಾಮಿನಲ್ಲಿದ್ದ ಸರಕನ್ನೆಲ್ಲ ಬೇರ್ಪಡಿಸಿ ತಪಾಸಣೆಗೆ ಹಾಕಿದರು. ಆಮೇಲೆ ಸೋರಿದ ವಾಲ್ವ್‌ಗಳನ್ನು ಕತ್ತರಿಸಿ ನೋಡಿದರು. ಒಳಗೆ ಎರಡು ರಂಧ್ರಗಳು ಅಡ್ಡಹಾಯುವ ಜಾಗದಲ್ಲಿ ಕೂದಲೆಳೆಯಷ್ಟು ಲೋಹದ ಚೂರು, ಕಾರ್ಖಾನೆಯವರು ಬರ್ ಎನ್ನುವುದು, ಉಳಿದುಕೊಂಡಿತ್ತು. ದೋಷದ ಭಾಗಗಳ ಮೇಲಿನ ಗುರುತು ನೋಡಿದರೆ ಹೆಚ್ಚಿನವು ರಾತ್ರಿ ಪಾಳಿಯವು. ಡ್ರಿಲ್ ಎಷ್ಟು ಭಾಗಕ್ಕೆ ಬದಲಿಸಬೇಕು ಎಂಬ ಲೆಕ್ಕವನ್ನು ಆಪರೇಟರ್ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಪಾಳಿ ಬದಲಾಗುವಾಗ ಆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತಿತ್ತು. ಸವೆದ ಡ್ರಿಲ್ ಹಾಗೇ ಓಡುತ್ತಿತ್ತು. 600 ಭಾಗ ಆದೊಡನೆ ಸಿಎನ್‌ಸಿ ಯಂತ್ರ ತಾನೇ ನಿಲ್ಲುವಂತೆ ಕೌಂಟರ್ ಹಾಕಿಸಿದರು. ಹದಿನಾಲ್ಕು ತಿಂಗಳಲ್ಲಿ ದೂರು 1,150ರಿಂದ 240 ಪಿಪಿಎಂಗೆ ಇಳಿಯಿತು, ಗ್ರಾಹಕ ಉಳಿದುಕೊಂಡ.

ಇದು ಐದು ಪುಟದಲ್ಲಿ ಎಲ್ಲೂ ಇರಲಿಲ್ಲ.

ಹೊಸ ರೆಸ್ಯೂಮೆ ಎರಡು ಪುಟ. ಹೆಸರಿನ ಕೆಳಗೆ ‘32 ವರ್ಷ ಅನುಭವದ ಹಿರಿಯ ವೃತ್ತಿಪರ’ ಎಂಬುದು ಹೋಗಿ, ‘ವಾಹನ ಬಿಡಿಭಾಗ ಕಾರ್ಖಾನೆಗಳ ಗುಣಮಟ್ಟ ಮುಖ್ಯಸ್ಥ: ಗ್ರಾಹಕರ ದೂರು ಮತ್ತು ಐಎಟಿಎಫ್ ಆಡಿಟ್’ ಎಂಬುದು ಬಂತು. ಅದರ ಕೆಳಗೆ ಮೂರೇ ಘಟನೆಗಳು. ಪ್ರತಿಯೊಂದರಲ್ಲೂ ಏನಾಗಿತ್ತು, ಅವರು ಏನು ಮಾಡಿದರು, ಎಷ್ಟು ಸಮಯದಲ್ಲಿ ಯಾವ ಅಂಕಿ ಎಷ್ಟಕ್ಕೆ ಬಂತು, ಯಾವ ವರ್ಷ. ವರ್ಷ ಬರೆಯುವುದಕ್ಕೆ ಕಾರಣವಿದೆ. 2022, 2024 ಎಂಬ ಅಂಕಿಗಳನ್ನು ನೋಡಿದವರಿಗೆ ಇವರು ಈಗಲೂ ಕೆಲಸದ ಒಳಗಿದ್ದಾರೆ ಎಂಬುದು ಬೇರೆ ಹೇಳದೆಯೇ ತಿಳಿಯುತ್ತದೆ. ಕಲಿಕೆಯ ವಿಷಯವೂ ಹೀಗೆಯೇ. ‘ಹೊಸದನ್ನು ಕಲಿಯುವ ಆಸಕ್ತಿಯಿದೆ’ ಎಂಬ ವಾಕ್ಯವನ್ನು ಯಾರೂ ನಂಬುವುದಿಲ್ಲ. ‘2024: ದೂರಿನ ದತ್ತಾಂಶವನ್ನು ಪವರ್ ಬಿಐ ಡ್ಯಾಶ್‌ಬೋರ್ಡ್‌ಗೆ ತಂದು ಪಾಳಿವಾರು ದೋಷ ತೋರಿಸುವ ವ್ಯವಸ್ಥೆ’ ಎಂದು ಬರೆದರೆ ಒಬ್ಬರು ಏನನ್ನೋ ಕಲಿತು ಬಳಸಿದ್ದು ಕಾಣುತ್ತದೆ. ಅಂಥದ್ದೇನೂ ನಿಜವಾಗಿ ಇಲ್ಲದಿದ್ದರೆ ಸರ್ಟಿಫಿಕೇಟ್‌ಗಳ ರಾಶಿ ಹಾಕುವುದರಿಂದ ಪ್ರಯೋಜನವಿಲ್ಲ. ಮೂರು ತಿಂಗಳು ಕೂತು ಒಂದನ್ನು ಕಲಿತು, ತನ್ನದೇ ಹಳೆಯ ದತ್ತಾಂಶದ ಮೇಲೆ ಮಾಡಿ ತೋರಿಸುವುದು ಮೇಲು.

ಮೊದಲ ಹದಿನೆಂಟು ವರ್ಷಗಳನ್ನು ಏನು ಮಾಡುವುದು? ಅಳಿಸಬೇಕಿಲ್ಲ. ‘ಹಿಂದಿನ ಅನುಭವ’ ಎಂಬ ತಲೆಬರಹದ ಕೆಳಗೆ ಕಂಪನಿಯ ಹೆಸರು, ಹುದ್ದೆ ಎರಡು ಸಾಲಿನಲ್ಲಿ ಸಾಕು, ಇಸವಿ ಬೇಡ. ಡಿಪ್ಲೊಮಾ ಪಾಸಾದ ಇಸವಿಯೂ ಬೇಡ. ತಂದೆಯ ಹೆಸರು, ಘೋಷಣೆ, ಸಹಿ, ಮನೆ ವಿಳಾಸ ಎಲ್ಲವನ್ನೂ ತೆಗೆದು ಊರಿನ ಹೆಸರು ಮಾತ್ರ ಇಟ್ಟರೆ ಆಯಿತು.

ಇಲ್ಲೊಂದು ಗೆರೆಯನ್ನು ದಾಟಬಾರದು. ರೆಸ್ಯೂಮೆಯಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬುದು ಬರೆಯುವವರ ಆಯ್ಕೆ. ಕಂಪನಿಯ ಅರ್ಜಿ ನಮೂನೆಯಲ್ಲಿ ಜನ್ಮದಿನಾಂಕ ಕೇಳಿದರೆ, ಒಟ್ಟು ಅನುಭವ ಕೇಳಿದರೆ ನಿಜವನ್ನೇ ತುಂಬಬೇಕು. ಆ ಅಮೆರಿಕದ ಮಹಿಳೆ ದಿನಾಂಕ ಬದಲಿಸಿ ತಾರತಮ್ಯವನ್ನು ಬಯಲಿಗೆಳೆದದ್ದು ನಿಜ. ಆದರೆ ಇಲ್ಲಿ ಕೆಲಸ ಗಿಟ್ಟಿಸಲು ಹಾಗೆ ಮಾಡಿದವರು ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ಆಧಾರ್, ಪ್ಯಾನ್ ಎರಡರಲ್ಲೂ ದಿನಾಂಕವಿದೆ. ಭವಿಷ್ಯ ನಿಧಿಯ ಯುಎಎನ್ ಖಾತೆ ತೆರೆದರೆ ಯಾವ ಕಂಪನಿಯಲ್ಲಿ ಎಂದು ಸೇರಿ ಎಂದು ಬಿಟ್ಟರು ಎಂಬುದೂ ಕಾಣುತ್ತದೆ. ಆಫರ್ ಲೆಟರ್ ಬಂದ ಮೇಲೆ ಸುಳ್ಳು ಹೊರಬಿದ್ದರೆ ಕೆಲಸ ಮಾತ್ರವಲ್ಲ, ಅದೇ ವಲಯದಲ್ಲಿ ಹೆಸರೂ ಹೋಗುತ್ತದೆ. ಇಸವಿಗಳನ್ನು ಕೈಬಿಡುವುದರ ಉದ್ದೇಶ ವಯಸ್ಸನ್ನು ಮುಚ್ಚಿಡುವುದಲ್ಲ. ಮೊದಲ ಅರ್ಧ ನಿಮಿಷದಲ್ಲಿ ಓದುವವರ ಕಣ್ಣು ವಯಸ್ಸಿನ ಲೆಕ್ಕಕ್ಕೆ ಹೋಗದೆ ಕೆಲಸದ ಕಡೆ ಹೋಗಲಿ ಎಂಬುದಷ್ಟೇ.

ಇಷ್ಟೆಲ್ಲ ಮಾಡಿ ನೌಕರಿ ಪೋರ್ಟಲ್‌ಗೆ ಹಾಕಿ ಕೂತರೆ ಕರೆ ಬರುತ್ತದೆಯೇ? ಬಹುಶಃ ಇಲ್ಲ. ಪೋರ್ಟಲ್‌ನಲ್ಲಿ ಎಚ್‌ಆರ್‌ನವರು ಹುಡುಕುವಾಗ ‘ಅನುಭವ: 10ರಿಂದ 15 ವರ್ಷ, ಸಂಬಳ: ಇಷ್ಟರಿಂದ ಇಷ್ಟು, ನೋಟಿಸ್ ಪೀರಿಯಡ್: ಒಂದು ತಿಂಗಳು’ ಎಂದು ಜರಡಿ ಹಾಕುತ್ತಾರೆ. 32 ಎಂದು ನಮೂದಿಸಿದವರು ಆ ಪರದೆಯ ಮೇಲೆ ಮೂಡುವುದೇ ಇಲ್ಲ. ಯಾರೂ ಅವರನ್ನು ಬೇಡ ಎಂದಿಲ್ಲ, ಯಾರೂ ನೋಡಿಯೇ ಇಲ್ಲ. ನೂರಾರು ಅರ್ಜಿ ಹಾಕಿದರೂ ಒಂದು ಉತ್ತರವೂ ಬರಲಿಲ್ಲ ಎಂದು ಕುಗ್ಗಿಹೋಗುವವರು ಈ ಒಂದು ಸಂಗತಿಯನ್ನು ತಿಳಿದುಕೊಳ್ಳಬೇಕು. ಸಂದರ್ಶನಕ್ಕೆ ಹೋಗಿ ಮೂರು ಕಡೆ ಬೇಡ ಎನ್ನಿಸಿಕೊಂಡರೆ ಹೇಳುವ ರೀತಿಯಲ್ಲಿ ಏನೋ ತಪ್ಪಿದೆ. ಸಂದರ್ಶನದ ಕರೆಯೇ ಬರದಿದ್ದರೆ ಹೋಗುತ್ತಿರುವ ದಾರಿ ತಪ್ಪಿದೆ.

ಐವತ್ತರವರಿಗೆ ಇಪ್ಪತ್ತೈದರವರಿಗಿಲ್ಲದ ಒಂದು ದಾರಿ ಇದೆ. ಅವರ ಕೈಕೆಳಗೆ ಟ್ರೈನಿಯಾಗಿ ಸೇರಿದವರು ಈಗ ಬೇರೆ ಕಾರ್ಖಾನೆಗಳಲ್ಲಿ ಮ್ಯಾನೇಜರ್, ಪ್ಲಾಂಟ್ ಹೆಡ್ ಆಗಿದ್ದಾರೆ. ಅವರ ಕಂಪನಿಗೆ ಬಂದು ಆಡಿಟ್ ಮಾಡಿ ಹೋದವರು, ಸಾಮಗ್ರಿ ಪೂರೈಸಿದವರು, ಆ ಹೊಸೂರಿನ ಗ್ರಾಹಕ ಕಂಪನಿಯ ಖರೀದಿ ವಿಭಾಗದವರು, ಇವರೆಲ್ಲರೂ ಅವರ ಕೆಲಸವನ್ನು ಕಣ್ಣಾರೆ ಕಂಡವರು. ನಮ್ಮವರಿಗೆ ಹಿಂದಿನ ಕಿರಿಯ ಸಹೋದ್ಯೋಗಿಗೆ ಫೋನ್ ಮಾಡಿ ‘ಕೆಲಸ ಬೇಕು’ ಎನ್ನಲು ಸಂಕೋಚ. ಹಾಗೆ ಕೇಳಬೇಕಾಗಿಯೂ ಇಲ್ಲ. ಈ ಕ್ವಾಲಿಟಿ ಮ್ಯಾನೇಜರ್ ಕಳುಹಿಸಬಹುದಾದ ಸಂದೇಶ ಹೀಗಿರುತ್ತದೆ:

“ನಮಸ್ಕಾರ, ಹೇಗಿದ್ದೀರಿ? ನಾನು ಪೀಣ್ಯದ ಕೆಲಸ ಬಿಟ್ಟಿದ್ದೇನೆ. ಗ್ರಾಹಕರಿಂದ ಸರಕು ವಾಪಸ್ ಬರುವ ಸಮಸ್ಯೆ, ಐಎಟಿಎಫ್ ಆಡಿಟ್‌ನಲ್ಲಿ ದೊಡ್ಡ ಲೋಪಗಳು ಉಳಿದಿರುವುದು, ಇಂಥದ್ದು ಇರುವ ಕಾರ್ಖಾನೆ ನಿಮ್ಮ ಗಮನಕ್ಕೆ ಬಂದರೆ ಹೇಳಿ, ಅವರ ಜೊತೆ ಹದಿನೈದು ನಿಮಿಷ ಮಾತಾಡುತ್ತೇನೆ. ಎರಡು ಪುಟದ ವಿವರ ಜೊತೆಗಿದೆ.”

ಇಲ್ಲಿ ಕೇಳಿದ್ದು ಹುದ್ದೆಯನ್ನಲ್ಲ, ಸಮಸ್ಯೆ ಇರುವ ಜಾಗವನ್ನು. ಖಾಲಿ ಹುದ್ದೆಗೆ ವಯಸ್ಸಿನ ಚೌಕಟ್ಟು ಇರುತ್ತದೆ. ಗ್ರಾಹಕ ಕೈಬಿಟ್ಟು ಹೋಗುವ ಭಯದಲ್ಲಿರುವ ಮಾಲೀಕ ಬಂದವರ ವಯಸ್ಸು ಕೇಳುವುದಕ್ಕಿಂತ ಮೊದಲು, ಇದನ್ನು ಹಿಂದೆ ಎಲ್ಲಾದರೂ ಸರಿಮಾಡಿದ್ದೀರಾ ಎಂದು ಕೇಳುತ್ತಾನೆ. ಮೈಸೂರು ಸಂಸ್ಥಾನಕ್ಕೆ ಇದು ಹೊಸದೇನಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಮಂಡಳಿಯ ಅಧ್ಯಕ್ಷತೆಗೆ ಕರೆದದ್ದು ದಿವಾನಗಿರಿ ಬಿಟ್ಟು ನಾಲ್ಕೈದು ವರ್ಷವಾಗಿದ್ದ, ಅರವತ್ತು ದಾಟಿದ್ದ ವಿಶ್ವೇಶ್ವರಯ್ಯನವರನ್ನು. ಅವರು ಆ ಹೊಣೆಯನ್ನು 1929ರವರೆಗೆ ಹೊತ್ತರು. ಅವರ ಎತ್ತರ ಬೇರೆ, ನಿಜ. ಆದರೆ ಕರೆಯ ಹಿಂದಿದ್ದ ತರ್ಕ ಪೀಣ್ಯದ ಇಂಜಿನಿಯರ್‌ಗೂ ಅನ್ವಯಿಸುತ್ತದೆ.

ಸಂದರ್ಶನದ ಕೋಣೆಗೆ ಬಂದರೆ ಎದುರಿಗೆ ಕೂತಿರುವುದು 36ರ ಪ್ಲಾಂಟ್ ಹೆಡ್ ಮತ್ತು 30ರ ಎಚ್‌ಆರ್ ಮ್ಯಾನೇಜರ್. ಅವರ ಮನಸ್ಸಿನಲ್ಲಿರುವ ಭಯ ಬಾಯಿಗೆ ಬರುವುದಿಲ್ಲ: ಈ ಮನುಷ್ಯ ನನ್ನ ಮಾತು ಕೇಳುತ್ತಾರೆಯೇ? ಹೇಳದಿದ್ದ ಪ್ರಶ್ನೆಗೆ ಉತ್ತರ ಸಣ್ಣ ಸಂಗತಿಗಳಲ್ಲೇ ಸಿಕ್ಕಿಬಿಡುತ್ತದೆ. ಪ್ರೀತಿಯಿಂದಲೇ ಆದರೂ ‘ನೋಡಮ್ಮಾ’, ‘ಹಂಗಲ್ಲಪ್ಪಾ’ ಎಂದು ಶುರುಮಾಡಿದರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಆ ವಯಸ್ಸಿನವರು ಮಕ್ಕಳ ಸಮಾನ, ಸಂದರ್ಶನದಲ್ಲಿ ಅವರು ‘ಸರ್’, ‘ಮೇಡಂ’. ‘ನಮ್ಮ ಕಾಲದಲ್ಲಿ’ ಎಂಬ ಮಾತೂ ಇದೇ ಸಾಲಿನದು. ಐವತ್ತರವರಿಗೆ ಇದು ತಲೆಬಾಗಿದಂತೆ ಅನ್ನಿಸಬೇಕಿಲ್ಲ. ಗ್ರಾಹಕರ ಕಡೆಯಿಂದ ಬಂದ 28ರ ಆಡಿಟರ್‌ಗೆ ಅವರು ಇಷ್ಟು ವರ್ಷವೂ ‘ಸರ್’ ಎಂದೇ ಅಂದಿದ್ದಾರೆ.

ಪ್ಲಾಂಟ್ ಹೆಡ್ ನೇರವಾಗಿಯೇ ಕೇಳಿಬಿಟ್ಟರೆ ಒಳ್ಳೆಯದು.

“ಸರ್, ನೀವು ನನಗಿಂತ ತುಂಬಾ ಸೀನಿಯರ್. ನನಗೆ ರಿಪೋರ್ಟ್ ಮಾಡೋದು ನಿಮಗೆ ಕಷ್ಟ ಆಗಲ್ವಾ?”

“ಹೋದ ಕಂಪನಿಯಲ್ಲಿ ಕೊನೆಯ ಮೂರು ವರ್ಷ ನನ್ನ ಬಾಸ್ ನನಗಿಂತ ಹನ್ನೊಂದು ವರ್ಷ ಚಿಕ್ಕವರು, ಸರ್. ಬ್ರೇಕ್ ವಾಲ್ವ್ ವಿಷಯದಲ್ಲಿ ಲೈನ್ ನಿಲ್ಲಿಸಬೇಕು ಅಂತ ನಾನು ಹೇಳಿದೆ, ಬೇಡ, ಒಂದು ಮಶೀನ್ ಮಾತ್ರ ನಿಲ್ಲಿಸೋಣ ಅಂತ ಅವರು ಹೇಳಿದರು. ಅವರು ಹೇಳಿದ ಹಾಗೇ ಮಾಡಿದೆವು, ಅವರದ್ದೇ ಸರಿ ಇತ್ತು. ಅವರ ನಂಬರ್ ಕೊಡ್ತೀನಿ, ನೀವೇ ಕೇಳಿ.”

ಈ ಉತ್ತರ ಗಟ್ಟಿಯಾಗುವುದು ‘ನನಗೇನೂ ತೊಂದರೆ ಇಲ್ಲ’ ಎಂಬ ಭರವಸೆಯಿಂದಲ್ಲ. ಅದರಲ್ಲಿ ನಡೆದ ಒಂದು ಘಟನೆ ಇದೆ, ಸಾಕ್ಷಿ ಹೇಳುವ ಚಿಕ್ಕ ವಯಸ್ಸಿನ ಬಾಸ್ ಇದ್ದಾರೆ. ಐವತ್ತರವರ ರೆಫರೆನ್ಸ್ ಪಟ್ಟಿಯಲ್ಲಿ ನಿವೃತ್ತರಾದ ಹಳೆಯ ಡೈರೆಕ್ಟರ್‌ಗಿಂತ ಮೊದಲು ಇರಬೇಕಾದ ಹೆಸರು ಇಂಥ ಕಿರಿಯ ಮೇಲಧಿಕಾರಿಯದು. ಅದನ್ನು ಕೇಳಿ ಪಡೆಯಲು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ದೇಹಶಕ್ತಿಯ ಪ್ರಶ್ನೆಯೂ ಬರುತ್ತದೆ. ರಾತ್ರಿ ಪಾಳಿ ನಿಭಾಯಿಸುತ್ತೀರಾ, ಶಾಪ್ ಫ್ಲೋರ್‌ನಲ್ಲಿ ನಿಂತಿರುತ್ತೀರಾ? ಮಾಡಲಾಗುವುದನ್ನು ಮಾಡಬಲ್ಲೆ ಎನ್ನಬೇಕು, ಆಗದ್ದನ್ನು ಆಗದೆನ್ನಬೇಕು. ಕಾರ್ಖಾನೆ ನಡೆಸುವವರು ಈ ವಿಷಯದಲ್ಲಿ ಜರ್ಮನಿಯ ಡಿಂಗೋಲ್ಫಿಂಗ್‌ನಲ್ಲಿ ಬಿಎಂಡಬ್ಲ್ಯು 2007ರಲ್ಲಿ ಮಾಡಿದ ಪ್ರಯೋಗವನ್ನು ಓದಿಕೊಳ್ಳುವುದು ಒಳ್ಳೆಯದು. ಹತ್ತು ವರ್ಷ ಕಳೆದಾಗ ತಮ್ಮ ಕಾರ್ಮಿಕರ ಸರಾಸರಿ ವಯಸ್ಸು 47 ಆಗುತ್ತದೆ ಎಂದು ಲೆಕ್ಕ ಹಾಕಿ, ಈಗಲೇ ಅಂಥ ವಯೋಮಾನದ ಒಂದು ಲೈನ್ ಮಾಡಿ ನೋಡಿದರು. ಕಾರ್ಮಿಕರನ್ನೇ ಕೇಳಿ ಸುಮಾರು 70 ಸಣ್ಣ ಬದಲಾವಣೆ ತಂದರು. ಕಾಂಕ್ರೀಟ್ ನೆಲದ ಮೇಲೆ ಮರದ ಹಾಸು, ಕೂತು ಕೆಲಸ ಮಾಡಲು ಕುರ್ಚಿ, ಸಣ್ಣ ಭಾಗ ನೋಡಲು ಭೂತಗನ್ನಡಿ, ಇಂಥವು. ಖರ್ಚು ಸುಮಾರು 40,000 ಯೂರೊ. ಒಂದು ವರ್ಷದಲ್ಲಿ ಆ ಲೈನಿನ ಉತ್ಪಾದಕತೆ ಶೇ 7 ಹೆಚ್ಚಿ, ಕಿರಿಯರ ಲೈನುಗಳ ಸಮಕ್ಕೆ ಬಂತು.

ಉಳಿದದ್ದು ಸಂಬಳ. ಮಾತುಕತೆ ಹೆಚ್ಚಾಗಿ ಮುರಿಯುವುದು ಇಲ್ಲಿ, ಮತ್ತು ‘ಓವರ್ ಕ್ವಾಲಿಫೈಡ್’ ಎಂಬ ಮಾತಿನ ಹಿಂದೆ ಹಲವು ಸಲ ಇರುವುದೂ ಇದೇ. ನಮ್ಮ ಇಂಜಿನಿಯರ್‌ನ ಹಿಂದಿನ ಸಿಟಿಸಿ 28 ಲಕ್ಷ, ಈ ಕಾರ್ಖಾನೆಯ ಬಜೆಟ್ 20 ಲಕ್ಷ ಎಂದುಕೊಳ್ಳೋಣ. ‘ಎಷ್ಟಾದರೂ ಪರವಾಗಿಲ್ಲ’ ಎಂದು ಕೂಡಲೇ ಇಳಿದುಬಿಟ್ಟರೆ ಎದುರಿನವರಿಗೆ ಇನ್ನೊಂದು ಅನುಮಾನ: ಇವರಿಗೆ ಬೇರೆ ಎಲ್ಲೂ ಸಿಗುತ್ತಿಲ್ಲ, ಒಳ್ಳೆಯದು ಸಿಕ್ಕ ದಿನ ಬಿಟ್ಟು ಹೋಗುತ್ತಾರೆ. 28ಕ್ಕೇ ಅಂಟಿಕೊಂಡರೆ ಮಾತು ಮುಗಿಯುತ್ತದೆ. ಇಳಿಯುವುದಕ್ಕೆ ಕಾರಣ ಹೇಳಬೇಕು, ಆ ಕಾರಣ ನಂಬುವಂತಿರಬೇಕು. ಮಗಳ ಓದು ಮುಗಿದಿದೆ, ಮನೆ ಸಾಲ ತೀರಿದೆ, ಮುಂದಿನ ಆರೇಳು ವರ್ಷ ಒಂದೇ ಕಡೆ ಕೆಲಸ ಮಾಡುವ ಇರಾದೆ ಎಂದು ಹೇಳಿದರೆ ಎರಡು ಭಯಗಳಿಗೂ ಉತ್ತರ ಸಿಕ್ಕಂತೆ. 36ರವರು ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಈ ಕಾಲದಲ್ಲಿ ಆರೇಳು ವರ್ಷದ ಮಾತಿಗೆ ಬೆಲೆಯಿದೆ. ಉಳಿದ ಅಂತರವನ್ನು ಫಲಿತಾಂಶಕ್ಕೆ ಕಟ್ಟಬಹುದು: ಸ್ಥಿರ ಸಂಬಳ 20 ಲಕ್ಷ, ವರ್ಷದ ಕೊನೆಗೆ ಗ್ರಾಹಕರ ದೂರು 300 ಪಿಪಿಎಂಗಿಂತ ಕೆಳಗಿಳಿದರೆ ಇನ್ನು 3 ಲಕ್ಷ. ವಾಪಸ್ ಬಂದ ಸರಕಿಗೆ ಗ್ರಾಹಕ ಕಳುಹಿಸುವ ಡೆಬಿಟ್ ನೋಟ್, ತಪಾಸಣೆಗೆ ಹೊರಗಿನವರಿಗೆ ಕೊಡುವ ದುಡ್ಡು ಎಲ್ಲ ಸೇರಿಸಿದರೆ 3 ಲಕ್ಷ ದೊಡ್ಡದಲ್ಲ ಎಂಬುದು ಪ್ಲಾಂಟ್ ಹೆಡ್‌ಗೆ ಚೆನ್ನಾಗಿ ಗೊತ್ತಿರುತ್ತದೆ.

ಈ ದಾರಿ ಎಲ್ಲ ಕಡೆಯೂ ನಡೆಯುವುದಿಲ್ಲ. ಒಂದೇ ತರಹದ ಕೆಲಸಕ್ಕೆ ನೂರಾರು ಮಂದಿಯನ್ನು ಒಟ್ಟಿಗೆ ತೆಗೆದುಕೊಳ್ಳುವ ಐಟಿ ಸೇವಾ ಕಂಪನಿಗಳಲ್ಲಿ, ವೇತನ ಶ್ರೇಣಿಯ ಪಿರಮಿಡ್ಡಿನಲ್ಲಿ ಯಾವ ಮೆಟ್ಟಿಲಿಗೆ ಎಷ್ಟು ಜನ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿ ರೆಸ್ಯೂಮೆ ಎಷ್ಟು ಚೆನ್ನಾಗಿದ್ದರೂ ಐವತ್ತರವರಿಗೆ ಜಾಗ ಕಡಿಮೆ. ಕೆಲಸದಲ್ಲಿ ನಿಜವಾಗಿಯೂ ಹತ್ತು ವರ್ಷದಿಂದ ಏನೂ ಬದಲಾಗದೆ ಕೂತವರಿಗೆ ಬರವಣಿಗೆಯಿಂದ ಸಹಾಯವಾಗದು. ಕೂದಲಿಗೆ ಬಣ್ಣ ಹಾಕಿಕೊಳ್ಳಬೇಕೇ ಎಂದು ಕೇಳುವವರೂ ಇದ್ದಾರೆ. ಅದು ಅವರವರ ಇಷ್ಟ. ಆದರೆ ಹಳೆಯ ರೆಸ್ಯೂಮೆ ಹಾಗೇ ಇಟ್ಟುಕೊಂಡು ಬಣ್ಣಕ್ಕೆ ದುಡ್ಡು ಹಾಕುವುದು ವ್ಯರ್ಥ.

ಇಷ್ಟಾದ ಮೇಲೂ ಪ್ಲಾಂಟ್ ಹೆಡ್ ಅನುಮಾನದಲ್ಲಿದ್ದರೆ ಕಾಯಂ ನೇಮಕಾತಿಯ ಬದಲು ಮೂರು ತಿಂಗಳ ಸಲಹೆಗಾರ ಒಪ್ಪಂದವನ್ನು ಅಭ್ಯರ್ಥಿಯೇ ಮುಂದಿಡಬಹುದು. ಈ ವ್ಯವಸ್ಥೆಯಲ್ಲಿ ಕಂಪನಿಯ ವೇತನ ಶ್ರೇಣಿ, ಗರಿಷ್ಠ ವಯಸ್ಸಿನ ನಿಯಮ ಯಾವುದೂ ಅಡ್ಡ ಬರುವುದಿಲ್ಲ. ಒಪ್ಪಂದವನ್ನು ಬಾಯಿಮಾತಿಗೆ ಬಿಡದೆ ಒಂದು ಪುಟದಲ್ಲಿ ಬರೆಯಿಸಿಕೊಳ್ಳಬೇಕು: ಯಾವ ಲೈನಿನ ಯಾವ ದೂರು, ಇಂದಿನ ಪಿಪಿಎಂ ಎಷ್ಟು, ವಾರಕ್ಕೆ ಎಷ್ಟು ದಿನ ಕಾರ್ಖಾನೆಯಲ್ಲಿ ಇರಬೇಕು, ಯಂತ್ರದ ಪ್ರೋಗ್ರಾಂ ಬದಲಿಸಲು ಯಾರ ಒಪ್ಪಿಗೆ ಬೇಕು, ತಿಂಗಳ ಶುಲ್ಕ ಎಷ್ಟು. ಇಂದಿನ ಪಿಪಿಎಂ ಬರೆಯುವುದನ್ನು ಮರೆಯಬಾರದು. ಮೂರು ತಿಂಗಳ ನಂತರ ಏನು ಬದಲಾಯಿತು ಎಂದು ತೋರಿಸಲು ಆ ಅಂಕಿ ಬೇಕೇ ಬೇಕು. ಶುಲ್ಕದಲ್ಲಿ ಟಿಡಿಎಸ್ ಕಡಿತವಾಗುತ್ತದೆ, ಪಿಎಫ್ ಇರುವುದಿಲ್ಲ, ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ತಿಂಗಳ ಸಂಬಳದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಕೇಳಬೇಕು, ಮತ್ತು ಹಳೆಯ ಕಂಪನಿಯ ವಿಮೆ ಮುಗಿಯುವ ಮೊದಲೇ ಕುಟುಂಬಕ್ಕೆ ಸ್ವಂತ ಪಾಲಿಸಿ ಮಾಡಿಸಿಕೊಂಡಿರಬೇಕು. ಐವತ್ತರ ನಂತರ ಹೊಸ ಪಾಲಿಸಿಗೆ ವೈದ್ಯಕೀಯ ತಪಾಸಣೆ ಕೇಳುವುದು ಸಾಮಾನ್ಯ, ಬಿಪಿ, ಶುಗರ್ ಇದ್ದರೆ ಆ ಕಾಯಿಲೆಗಳಿಗೆ ಕಾಯುವ ಅವಧಿಯೂ ಇರುತ್ತದೆ. ಹಾಗಾಗಿ ಈ ಕೆಲಸವನ್ನು ಒಪ್ಪಂದಕ್ಕೆ ಸಹಿ ಹಾಕುವವರೆಗೂ ಮುಂದೂಡದೆ, ನೋಟಿಸ್ ಪೀರಿಯಡ್‌ನಲ್ಲಿರುವಾಗಲೇ ಮುಗಿಸಿಕೊಳ್ಳಬೇಕು.